ಗೆರೆಯಿಲ್ಲದ ಲೆಕ್ಕದ ಪುಟ

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ತಾರೀಖು, ವಿವರ, ಖರ್ಚು, ಜಮೆ, ಶಿಲ್ಕು ಎಂಬ ಐದು ಕಾಲಂಗಳಿರುತ್ತವೆ. ಎಷ್ಟೋ ಸ್ಟೇಟ್‌ಮೆಂಟುಗಳಲ್ಲಿ ಅವುಗಳ ನಡುವೆ ಗೆರೆಯೇ ಇರುವುದಿಲ್ಲ. ಒಂದಿಷ್ಟು ಬಿಳಿ ಜಾಗ ಬಿಟ್ಟು ಮುಂದಿನ ಕಾಲಂ ಶುರುವಾಗುತ್ತದೆ. ಕಾಗದ ಹಿಡಿದು ಓದುವವರಿಗೆ ಇದು ಗಮನಕ್ಕೂ ಬರುವುದಿಲ್ಲ. ಅದೇ ಪುಟವನ್ನು ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶಕ್ಕೆ ಕೊಟ್ಟರೆ ಬಿಳಿ ಜಾಗವೆಲ್ಲ ಕುಗ್ಗಿ ಸಾಲುಗಳು ಹೀಗೆ ಬರುತ್ತವೆ:

```
05-04-2023 CASH SELF 1,200.00 17,250.00
07-04-2023 NEFT SALARY 32,500.00 49,750.00
```

ಎರಡೂ ಸಾಲಿನಲ್ಲಿ ಎರಡೆರಡು ಮೊತ್ತಗಳಿವೆ. ಮೊದಲನೆಯದರಲ್ಲಿ 1,200 ಖರ್ಚು, ಎರಡನೆಯದರಲ್ಲಿ 32,500 ಜಮೆ; ಆದರೆ ಈ ಪಠ್ಯದಲ್ಲಿ ಅದನ್ನು ಹೇಳುವಂಥದ್ದು ಏನೂ ಉಳಿದಿಲ್ಲ. ಖಾಲಿ ಬಿಟ್ಟ ಖಾನೆ ತನ್ನ ಗುರುತನ್ನೇ ಬಿಡುವುದಿಲ್ಲ. ಗೆರೆಯಿಲ್ಲದ ಪುಟದ ನಿಜವಾದ ತೊಡಕು ಇದು. ಅಕ್ಷರ ಓದುವುದು ಅದರ ಮುಂದೆ ಸಣ್ಣ ಕೆಲಸ.

ಕೆಲಸಕ್ಕೆ ಕೈಹಾಕುವ ಮೊದಲು ಪಿಡಿಎಫ್ ನಿಜಕ್ಕೂ ಸ್ಕ್ಯಾನ್ ಮಾಡಿದ್ದೇ ಎಂದು ನೋಡಬೇಕು. ಮೌಸಿನಿಂದ ಒಂದು ಪದವನ್ನು ಆಯ್ಕೆ ಮಾಡಲು ಬಂದರೆ ಅದರೊಳಗೆ ಅಕ್ಷರಗಳು ಆಗಲೇ ಇವೆ. ಬ್ಯಾಂಕಿನಿಂದ ನೇರವಾಗಿ ಇಳಿಸಿಕೊಂಡ ಕಡತವಾದರೆ `pdftotext -layout` ಎಂಬ ಆಜ್ಞೆಯೇ ಬಹುಮಟ್ಟಿಗೆ ಸಾಕು. ಪುಟವಿಡೀ ಒಂದೇ ಚಿತ್ರವಾಗಿದ್ದರೆ ಮಾತ್ರ ಮುಂದಿನ ದಾರಿ.

ಓಸಿಆರ್‌ನಿಂದ ಪಡೆಯಬೇಕಾದದ್ದು ಪದಗಳನ್ನಷ್ಟೇ ಅಲ್ಲ, ಪ್ರತಿ ಪದ ಪುಟದ ಮೇಲೆ ಎಲ್ಲಿ ಕುಳಿತಿದೆ ಎಂಬುದನ್ನೂ. ಉಚಿತವಾಗಿ ಸಿಗುವ ಟೆಸರಾಕ್ಟ್ ಇದನ್ನು ಕೊಡುತ್ತದೆ:

```
tesseract page.png out --psm 6 tsv
```

ಫಲಿತಾಂಶದ ಕಡತದಲ್ಲಿ ಪ್ರತಿ ಪದದ ಜೊತೆಗೆ `left`, `top`, `width`, `height` ಎಂಬ ನಾಲ್ಕು ಅಳತೆಗಳು ಪಿಕ್ಸೆಲ್ ಲೆಕ್ಕದಲ್ಲಿ ಇರುತ್ತವೆ. `--psm 6` ಎಂದರೆ ಪುಟವನ್ನು ಒಂದೇ ಸಮನಾದ ಪಠ್ಯವೆಂದು ಓದು ಎಂದರ್ಥ. ಇದನ್ನು ಹೇಳದಿದ್ದರೆ ತಂತ್ರಾಂಶವು ಪುಟವನ್ನು ದಿನಪತ್ರಿಕೆಯಂತೆ ಭಾಗ ಮಾಡಿಕೊಂಡು, ಮೊದಲು ತಾರೀಖುಗಳನ್ನೆಲ್ಲ, ಆಮೇಲೆ ವಿವರಗಳನ್ನೆಲ್ಲ ಓದಿಬಿಡುವುದುಂಟು.

ಅಳತೆಗಳು ನಂಬಿಕೆಗೆ ಅರ್ಹವಾಗಬೇಕಾದರೆ ಪುಟ ನೆಟ್ಟಗಿರಬೇಕು. ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದ ಎ4 ಹಾಳೆ 2480 ಪಿಕ್ಸೆಲ್ ಅಗಲ ಇರುತ್ತದೆ. ಹಾಳೆ ಒಂದೇ ಒಂದು ಡಿಗ್ರಿ ಓರೆಯಾಗಿದ್ದರೂ ಎಡಗಡೆಯ ತಾರೀಖಿಗೂ ಬಲಗಡೆಯ ಶಿಲ್ಕಿಗೂ ಸುಮಾರು 38 ಪಿಕ್ಸೆಲ್ ಏರುಪೇರಾಗುತ್ತದೆ. ಸಾಲಿನಿಂದ ಸಾಲಿಗೆ ಇರುವ ದೂರವೇ ಹೆಚ್ಚುಕಮ್ಮಿ 50 ಪಿಕ್ಸೆಲ್. ಹೀಗಾಗಿ ಒಂದು ಸಾಲಿನ ಶಿಲ್ಕು ಪಕ್ಕದ ಸಾಲಿಗೆ ಹೋಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಮೊದಲು ಓರೆ ತಿದ್ದಬೇಕು. ಆಮೇಲೆ ನೆತ್ತಿಯ ಮಟ್ಟ ಒಂದೇ ಇರುವ ಪದಗಳನ್ನು ಒಂದು ಸಾಲಾಗಿ ಕೂಡಿಸಬೇಕು. ತಾರೀಖೂ ಮೊತ್ತವೂ ಇಲ್ಲದ ಸಾಲು ಬಂದರೆ ಅದು ಮೇಲಿನ ವಿವರದ ಮುಂದುವರಿಕೆ.

ಇನ್ನು ಕಾಲಂ. ಮೊದಲಿಗೆ ತೋಚುವ ಉಪಾಯವೆಂದರೆ ಮೇಲಿನಿಂದ ಕೆಳಗಿನವರೆಗೆ ಮಸಿ ತಾಗದ ಬಿಳಿ ಪಟ್ಟೆಗಳನ್ನು ಹುಡುಕುವುದು. ಅಚ್ಚುಕಟ್ಟಾದ ಪುಟದಲ್ಲಿ ಅದು ನಡೆಯುತ್ತದೆ ಕೂಡ. ಆದರೆ ಉದ್ದನೆಯ ಒಂದೇ ಒಂದು ವಿವರ ಖರ್ಚಿನ ಕಾಲಮಿನತ್ತ ಚಾಚಿಕೊಂಡರೆ ಆ ಪಟ್ಟೆ ಮುಚ್ಚಿಹೋಗುತ್ತದೆ. ಶಿರೋನಾಮೆಗಳನ್ನು ನೆಚ್ಚಿಕೊಂಡರೂ ಮೋಸವೇ: ಅವುಗಳನ್ನು ಕಾಲಮಿನ ನಡುವೆಯೋ ಎಡಕ್ಕೋ ಅಚ್ಚು ಹಾಕಿರುತ್ತಾರೆ, ಕೆಳಗಿನ ಮೊತ್ತಗಳು ಬಲಕ್ಕೆ ಅಂಟಿಕೊಂಡಿರುತ್ತವೆ.

ಕೀಲಿ ಇರುವುದು ಆ ಬಲಕ್ಕೆ ಅಂಟಿಕೊಳ್ಳುವ ಗುಣದಲ್ಲೇ. ಪೈಸೆಯ ಕೆಳಗೆ ಪೈಸೆ ಬರಲೆಂದು ಮೊತ್ತಗಳನ್ನು ಬಲ ಅಂಚಿಗೆ ಜೋಡಿಸುವುದು ಲೆಕ್ಕಪತ್ರದ ಹಳೆಯ ರೂಢಿ. 1,200.00 ಮತ್ತು 1,25,000.00 ಒಂದೇ ಕಾಲಮಿನಲ್ಲಿದ್ದರೆ ಅವುಗಳ ಎಡ ಅಂಚಿನಲ್ಲಿ ಸುಮಾರು 60 ಪಿಕ್ಸೆಲ್ ವ್ಯತ್ಯಾಸ ಬರುತ್ತದೆ. ಬಲ ಅಂಚು ಮಾತ್ರ ನಾಲ್ಕೈದು ಪಿಕ್ಸೆಲ್ ಆಚೀಚೆ ಒಂದೇ ಜಾಗದಲ್ಲಿರುತ್ತದೆ. ಆದ್ದರಿಂದ ಚುಕ್ಕಿ ಮತ್ತು ಎರಡು ಅಂಕಿಯಿಂದ ಮುಗಿಯುವ ಪದಗಳನ್ನೆಲ್ಲ ಆರಿಸಿ, ಪ್ರತಿಯೊಂದರ `left` ಮತ್ತು `width` ಕೂಡಿಸಿ ಬಲ ಅಂಚನ್ನು ಬರೆದಿಟ್ಟುಕೊಂಡರೆ ಅವು ತಾವಾಗಿ ಮೂರು ಗುಂಪುಗಳಾಗುತ್ತವೆ. ಮೇಲಿನ ಪುಟದಲ್ಲಿ ಅವು 1640, 1980, 2330ರ ಸುತ್ತ ಬಂದವು ಎನ್ನೋಣ. 1,200.00ರ ಬಲ ಅಂಚು 1641, ಅದು ಖರ್ಚು. 32,500.00ರದ್ದು 1978, ಅದು ಜಮೆ. ವಿವರದೊಳಗೆ ಬಡ್ಡಿ ದರವೆಂದು 3.50 ಇದ್ದರೆ ಅದರ ಅಂಚು ಈ ಮೂರರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಅದನ್ನು ವಿವರದಲ್ಲೇ ಬಿಡಬೇಕು.

ಗುಂಪುಗಳು ಸರಿಯೋ ಎಂದು ತಿಳಿಯಲು ಎಣಿಸಿದರೆ ಸಾಕು. ಪ್ರತಿ ವ್ಯವಹಾರ ಖರ್ಚು ಅಥವಾ ಜಮೆ, ಎರಡರಲ್ಲಿ ಒಂದೇ. ಪುಟದಲ್ಲಿ 40 ವ್ಯವಹಾರಗಳಿದ್ದರೆ ಮೂರನೆಯ ಗುಂಪಿನಲ್ಲಿ 40 ಶಿಲ್ಕು ಇರಬೇಕು, ಮೊದಲೆರಡು ಗುಂಪು ಕೂಡಿದರೂ 40 ಬರಬೇಕು. ಆರಂಭದ ಶಿಲ್ಕಿನ ಸಾಲು ಮಾತ್ರ ಲೆಕ್ಕದಿಂದ ಹೊರಗೆ.

ಇಷ್ಟಾದ ಮೇಲೂ ತಪ್ಪು ಉಳಿಯಬಹುದು. ಅದನ್ನು ಹಿಡಿಯಲು ಸ್ಟೇಟ್‌ಮೆಂಟೇ ಒಂದು ಸಾಕ್ಷಿ ಇಟ್ಟುಕೊಂಡಿದೆ: ಹಿಂದಿನ ಶಿಲ್ಕಿನಿಂದ ಖರ್ಚು ಕಳೆದು ಜಮೆ ಕೂಡಿದರೆ ಈ ಸಾಲಿನ ಶಿಲ್ಕು ಬರಲೇಬೇಕು. ಬಾರದಿದ್ದರೆ ವ್ಯತ್ಯಾಸದ ಮೊತ್ತವೇ ಕಾಯಿಲೆಯ ಹೆಸರು ಹೇಳುತ್ತದೆ. ಹಿಂದಿನ ಶಿಲ್ಕು 49,750. ಮುಂದಿನ ಸಾಲಿನಲ್ಲಿ ಎಟಿಎಂನಿಂದ ತೆಗೆದ 5,000, ಅಚ್ಚಾದ ಶಿಲ್ಕು 44,750. ಆ 5,000 ತಪ್ಪಿ ಜಮೆಗೆ ಹೋಗಿದ್ದರೆ ಲೆಕ್ಕ 54,750 ಎನ್ನುತ್ತದೆ. ವ್ಯತ್ಯಾಸ 10,000, ಅಂದರೆ ಮೊತ್ತದ ಸರಿಯಾಗಿ ಎರಡರಷ್ಟು. ಎರಡರಷ್ಟು ಬಂತೆಂದರೆ ಕಾಲಂ ಅದಲುಬದಲಾಗಿದೆ ಎಂದು ಹಳೆಯ ಗುಮಾಸ್ತರಿಗೂ ಗೊತ್ತಿತ್ತು.

ಮರುದಿನ ಕರೆಂಟ್ ಬಿಲ್ಲು 1,846 ಕಟ್ಟಿ ಶಿಲ್ಕು 42,904 ಆಗಿದೆ. ಓಸಿಆರ್ ಅದನ್ನು 1,346 ಎಂದು ಓದಿದರೆ ವ್ಯತ್ಯಾಸ 500. ನೂರರ ಸ್ಥಾನದ ಅಂಕಿಯೊಂದು ಐದರಷ್ಟು ತಪ್ಪಿದೆ. ಮಸುಕಾದ 8 ಎಡಗಡೆ ಒಡೆದು 3ರಂತೆ ಕಾಣುವುದು ಸ್ಕ್ಯಾನಿನಲ್ಲಿ ಮಾಮೂಲು. ವ್ಯತ್ಯಾಸ ಇಂಥ ಯಾವ ಲೆಕ್ಕಕ್ಕೂ ಸಿಗದೆ, ಅದರ ಮುಂದಿನ ಸಾಲುಗಳೆಲ್ಲ ಸರಿಯಾಗಿ ಕೂಡಿದರೆ, ನಡುವೆ ಒಂದು ಸಾಲೇ ಬಿಟ್ಟುಹೋಗಿರುವ ಸಂಶಯ ಬರಬೇಕು. ಬಿಟ್ಟುಹೋದದ್ದು ಒಂದೇ ಸಾಲಾದರೆ ಆ ವ್ಯತ್ಯಾಸವೇ ಅದರ ಮೊತ್ತ. ಕೆಲವು ಸ್ಟೇಟ್‌ಮೆಂಟುಗಳು ಹೊಸ ವ್ಯವಹಾರವನ್ನು ಮೇಲೆ ಹಾಕುತ್ತವೆ. ಅಲ್ಲಿ ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಹಾಕದಿದ್ದರೆ ಎಲ್ಲ ಸಾಲೂ ತಪ್ಪೆಂದೇ ಕಾಣುತ್ತದೆ.

ಶಿಲ್ಕನ್ನು ಸಾಲುಸಾಲಿಗೆ ಬರೆಯದೆ ದಿನದ ಕೊನೆಗೆ ಮಾತ್ರ ಬರೆಯುವ ಸ್ಟೇಟ್‌ಮೆಂಟುಗಳಲ್ಲಿ ಈ ತಾಳೆ ದಿನಕ್ಕೊಮ್ಮೆ ಮಾತ್ರ ಸಾಧ್ಯ. ಕ್ರೆಡಿಟ್ ಕಾರ್ಡಿನ ಬಿಲ್ಲುಗಳಲ್ಲಿ ಸಾಮಾನ್ಯವಾಗಿ ಶಿಲ್ಕಿನ ಕಾಲಮ್ಮೇ ಇರುವುದಿಲ್ಲ, ಅಲ್ಲಿ ಸಿಗುವುದು ಕೊನೆಯ ಒಟ್ಟು ಮೊತ್ತವೊಂದೇ. ಅದು ತಾಳೆಯಾಗದಿದ್ದರೆ ತಪ್ಪಿರುವ ಸಾಲನ್ನು ಹುಡುಕಲು ಮೂಲ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಓದಬೇಕಾಗುತ್ತದೆ.