ಗುರುವಾರ ರೆಕಾರ್ಡ್, ಶುಕ್ರವಾರ ಟೆಸ್ಟ್: ಮೊದಲು ಯಾವುದು?

ಎಂಜಿನಿಯರಿಂಗ್ ಕಾಲೇಜಿನ ಸೆಮಿಸ್ಟರ್‌ನಲ್ಲಿ ಎರಡನೇ ಇಂಟರ್ನಲ್ಸ್ ಬರುವ ವಾರಕ್ಕೆ ಒಂದು ವಿಶೇಷವಿದೆ. ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್, ಪ್ರಾಜೆಕ್ಟ್ ರಿವ್ಯೂ, ಪರೀಕ್ಷಾ ಅರ್ಜಿ ಎಲ್ಲವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಆಗ ಹಾಸ್ಟೆಲ್‌ನ ಕೋಣೆಗಳಲ್ಲಿ ಮೊದಲು ಮುಗಿಯುವುದು ಸಾಮಾನ್ಯವಾಗಿ ಪಿಪಿಟಿಯ ಅಲಂಕಾರ. ಬಣ್ಣ, ಅಕ್ಷರದ ಗಾತ್ರ, ಕಾಲೇಜಿನ ಲಾಂಛನ ಎಲ್ಲವೂ ಅಚ್ಚುಕಟ್ಟಾಗಿರುತ್ತವೆ. ಪ್ರಾಜೆಕ್ಟ್‌ನ ಕೋಡ್ ಮಾತ್ರ ಇನ್ನೂ ಓಡಿರುವುದಿಲ್ಲ.

ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಆ ಹುಡುಗ ಅಥವಾ ಹುಡುಗಿ ಮೂರು ಗಂಟೆ ನಿಜವಾಗಿಯೂ ದುಡಿದಿರುತ್ತಾರೆ. ಮುಗಿಸಿದೆ ಎನ್ನುವ ಸಮಾಧಾನ ಬೇಗ ಸಿಗುವ ಕೆಲಸದ ಕಡೆಗೆ ಮನಸ್ಸು ವಾಲುತ್ತದೆ, ಅಷ್ಟೆ. ಗಡುವು ಹತ್ತಿರವಿದ್ದರಂತೂ ಇನ್ನೂ ಹೆಚ್ಚು. ಮೆಂಗ್ ಝು, ಯಾಂಗ್ ಯಾಂಗ್ ಮತ್ತು ಕ್ರಿಸ್ಟೋಫರ್ ಶೀ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಕಂಡಿತು. ಒಂದಕ್ಕೆ ಕಡಿಮೆ ಪ್ರತಿಫಲ, ಆದರೆ ಅವಧಿ ಬೇಗ ಮುಗಿಯುತ್ತದೆ. ಇನ್ನೊಂದಕ್ಕೆ ಹೆಚ್ಚು ಪ್ರತಿಫಲ, ಸಮಯವೂ ಧಾರಾಳ. ಎರಡನ್ನೂ ಮುಂದಿಟ್ಟಾಗ ಹಲವರು ಮೊದಲನೆಯದಕ್ಕೇ ಕೈಹಾಕಿದರು. ಆದರೆ ಆರಿಸುವ ಹೊತ್ತಿನಲ್ಲೇ ಪ್ರತಿಫಲ ಎಷ್ಟೆಂದು ಕಣ್ಣಿಗೆ ಕಾಣುವಂತೆ ಮಾಡಿದಾಗ ಈ ಸೆಳೆತ ತಗ್ಗಿತು. ವಿದ್ಯಾರ್ಥಿಗೆ ಬೇಕಾದ ಸುಳಿವು ಇಲ್ಲೇ ಇದೆ: ಕೆಲಸದ ಪಟ್ಟಿಯಲ್ಲಿ ದಿನಾಂಕವೊಂದೇ ಇದ್ದರೆ ಸಾಲದು, ಪಕ್ಕದಲ್ಲಿ ಅದು ತಪ್ಪಿದರೆ ಆಗುವ ನಷ್ಟವೂ ಇರಬೇಕು.

ತುರ್ತು ಬೇರೆ, ಮುಖ್ಯ ಬೇರೆ ಎಂಬ ಮಾತನ್ನು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರ ಒಂದು ಭಾಷಣದಲ್ಲಿ ಹೇಳಿದ್ದರು, ಅದೂ ಒಬ್ಬ ಕಾಲೇಜು ಮುಖ್ಯಸ್ಥರ ಮಾತೆಂದು. ಮುಂದೆ ಸ್ಟೀಫನ್ ಕೋವಿಯವರ 1989ರ ಪುಸ್ತಕದಿಂದ ಅದು ನಾಲ್ಕು ಮನೆಯ ಚೌಕವಾಗಿ ಎಲ್ಲೆಡೆ ಹರಡಿತು. ಚೌಕ ಎಳೆಯುವುದು ಸುಲಭ; ಯಾವ ಕೆಲಸ ಯಾವ ಮನೆಗೆ ಎಂದು ನಿರ್ಧರಿಸುವುದೇ ಕಷ್ಟ. ಅದಕ್ಕೆ ಅಂಕದ ನಿಯಮಗಳನ್ನೇ ತೆರೆದು ನೋಡಬೇಕು.

ವಿಟಿಯುನ 2022ರ ಸ್ಕೀಮ್‌ನಲ್ಲಿ ಓದುತ್ತಿರುವ, ಐದನೇ ಸೆಮಿಸ್ಟರ್‌ನ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಇವತ್ತು ಸೋಮವಾರ ಸಂಜೆ. ಬುಧವಾರ ಸಾಫ್ಟ್‌ವೇರ್ ಎಂಜಿನಿಯರಿಂಗ್ ಅಸೈನ್‌ಮೆಂಟ್ ಕೊಡಬೇಕು, ಎರಡೂವರೆ ಗಂಟೆಯ ಕೆಲಸ. ಅಂದೇ ಪರೀಕ್ಷಾ ಅರ್ಜಿಗೂ ಕೊನೆ ದಿನ, ಅರ್ಧ ಗಂಟೆ. ಗುರುವಾರ ಲ್ಯಾಬ್ ರೆಕಾರ್ಡ್, ಮೂರು ಗಂಟೆ. ಶುಕ್ರವಾರ ಥಿಯರಿ ಆಫ್ ಕಂಪ್ಯುಟೇಶನ್ ಟೆಸ್ಟ್, ಎಂಟು ಗಂಟೆಯ ಓದು. ಶನಿವಾರ ವಿಭಾಗದ ಫೆಸ್ಟ್‌ಗೆ ಪೋಸ್ಟರ್, ನಾಲ್ಕು ಗಂಟೆ. ಮುಂದಿನ ಸೋಮವಾರ ಮಿನಿ ಪ್ರಾಜೆಕ್ಟ್ ರಿವ್ಯೂ: ಕೋಡ್‌ಗೆ ಎಂಟು ಗಂಟೆ, ಪಿಪಿಟಿಗೆ ಮೂರು. ಅವಳ ಕೈಯಲ್ಲಿರುವುದು ದಿನಕ್ಕೆ ನಾಲ್ಕು ಗಂಟೆ; ಅಂದರೆ ಟೆಸ್ಟ್‌ಗೆ ಮುಂಚೆ ನಾಲ್ಕು ಸಂಜೆ, 16 ಗಂಟೆ.

ಹಗುರವಾದ ಪಿಪಿಟಿ ಮತ್ತು ಪೋಸ್ಟರ್‌ನಿಂದ ಶುರುಮಾಡಿದರೆ ಏಳು ಗಂಟೆ ಹೋಯಿತು. ಉಳಿದ ಒಂಬತ್ತರಲ್ಲಿ ಅಸೈನ್‌ಮೆಂಟ್, ಅರ್ಜಿ, ರೆಕಾರ್ಡ್ ಸೇರಿ ಆರು. ಟೆಸ್ಟ್‌ಗೆ ಸಿಗುವುದು ಮೂರೇ ಗಂಟೆ, ಅದೂ ಗುರುವಾರ ರಾತ್ರಿ.

ಈಗ ನಷ್ಟದ ಲೆಕ್ಕ. ಆ ಸ್ಕೀಮ್‌ನಲ್ಲಿ ಥಿಯರಿ ವಿಷಯಗಳಿಗೆ ಇಂಟರ್ನಲ್ಸ್ 50 ಅಂಕ: ಎರಡು ಟೆಸ್ಟ್‌ಗಳ ಸರಾಸರಿಗೆ 25, ಅಸೈನ್‌ಮೆಂಟ್‌ನಂಥ ಉಳಿದ ಕೆಲಸಕ್ಕೆ 25. ಒಟ್ಟು 20 ಬಾರದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ. ನಮ್ಮ ವಿದ್ಯಾರ್ಥಿನಿಗೆ ಕಂಪ್ಯುಟೇಶನ್‌ನ ಮೊದಲ ಟೆಸ್ಟ್‌ನಲ್ಲಿ 8, ಅಸೈನ್‌ಮೆಂಟ್ ಸರಾಸರಿ 11. ಎರಡನೇ ಟೆಸ್ಟ್‌ನಲ್ಲೂ 8 ಬಂದರೆ ಒಟ್ಟು 19, ಅಲ್ಲಿಗೆ ದಾರಿ ಮುಚ್ಚಿತು. 12 ಬಂದರೆ 21, ದಾಟಿದಳು. ಸಾಫ್ಟ್‌ವೇರ್ ಎಂಜಿನಿಯರಿಂಗ್‌ನಲ್ಲಿ ಅವಳು ಈಗಾಗಲೇ 40ರ ಹತ್ತಿರ ಇದ್ದಾಳೆ. ಈ ಅಸೈನ್‌ಮೆಂಟ್‌ನಲ್ಲಿ ನಾಲ್ಕು ಅಂಕ ಕಡಿಮೆಯಾದರೂ ಸರಾಸರಿ ಒಂದೆರಡು ಇಳಿದೀತು, ಅಷ್ಟೆ. ಬುಧವಾರದ ಕೆಲಸ ಹೆಚ್ಚು ತುರ್ತು, ಶುಕ್ರವಾರದ್ದು ಹೆಚ್ಚು ಮುಖ್ಯ ಎಂದು ಯಾರೂ ಉಪದೇಶಿಸಬೇಕಿಲ್ಲ, ಅಂಕಗಳೇ ಹೇಳುತ್ತವೆ. ಅರ್ಧ ಗಂಟೆಯ ಅರ್ಜಿಗೆ ಒಂದಂಕವೂ ಇಲ್ಲ. ಆದರೆ ಅದು ತಪ್ಪಿದರೆ ಎಲ್ಲ ವಿಷಯಗಳಿಗೂ ತೊಡಕು, ಹಾಗಾಗಿ ಅದು ಸೋಮವಾರವೇ ಮುಗಿಯಬೇಕು.

ಹಾಗಿದ್ದರೆ ಗಡುವಿನ ಕ್ರಮದಲ್ಲಿ ಮಾಡುತ್ತಾ ಹೋದರೆ ಸಾಲದೇ? ಎಲ್ಲ ಕೆಲಸವೂ ಸಮಯದೊಳಗೆ ಹಿಡಿಸುವಂತಿದ್ದರೆ ಸಾಕು. ಕಾರ್ಖಾನೆಗಳ ಕೆಲಸದ ಸರದಿ ಕುರಿತು ಜೆ.ಆರ್. ಜಾಕ್ಸನ್ 1955ರಲ್ಲಿ ತೋರಿಸಿದ್ದು ಇದನ್ನೇ: ಗಡುವು ಮೊದಲು ಬರುವುದನ್ನು ಮೊದಲು ಮಾಡಿದರೆ ಅತಿ ಹೆಚ್ಚು ತಡವಾಗುವ ಕೆಲಸದ ತಡ ಆದಷ್ಟೂ ಕಡಿಮೆಯಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಶುಕ್ರವಾರದವರೆಗಿನ ಕೆಲಸ 14 ಗಂಟೆ, ಸಮಯ 16. ಹಿಡಿಸುತ್ತದೆ, ಕಾಗದದ ಮೇಲೆ.

ಆದರೆ ಕಾಗದದ ಗಂಟೆಗಳನ್ನು ನಂಬುವಂತಿಲ್ಲ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಸುಮಾರು 34 ದಿನ ಸಾಕೆಂದು ಅಂದಾಜಿಸಿದ್ದ ವಿದ್ಯಾರ್ಥಿಗಳಿಗೆ ಸರಾಸರಿ 55 ದಿನ ಹಿಡಿದಿತ್ತು. ಆದ್ದರಿಂದ ಮೊದಲ ಸಂಜೆಯೇ ಕಠಿಣ ಕೆಲಸದ ಒಂದು ತುಣುಕನ್ನು ಮಾಡಿ ತನ್ನ ವೇಗವನ್ನು ಅಳೆದುಕೊಳ್ಳಬೇಕು. ವಿದ್ಯಾರ್ಥಿನಿ aⁿbⁿ ಎಂಬ ಭಾಷೆಗೆ ಪುಶ್‌ಡೌನ್ ಆಟೊಮೇಟಾ ಕಟ್ಟುವ ಲೆಕ್ಕ ಮತ್ತು ಅದೇ ಜಾತಿಯ ಇನ್ನೆರಡನ್ನು ಒಂದು ಗಂಟೆಯಲ್ಲಿ ಮುಗಿಸುತ್ತೇನೆಂದು ಕೂರುತ್ತಾಳೆ. ಮೊದಲನೆಯದು ಸಲೀಸು: ಪ್ರತಿ aಗೆ ಸ್ಟ್ಯಾಕ್‌ಗೆ ಒಂದನ್ನು ಸೇರಿಸುವುದು, ಪ್ರತಿ bಗೆ ಒಂದನ್ನು ತೆಗೆಯುವುದು. ಎರಡನೆಯದರಲ್ಲಿ ಸಿಕ್ಕಿಬೀಳುತ್ತಾಳೆ. ಒಂದೂವರೆ ಗಂಟೆ ಆಗುತ್ತದೆ. ಇದೇ ವೇಗವೆಂದರೆ, ಅರ್ಜಿಯನ್ನು ಬಿಟ್ಟು ಉಳಿದೆಲ್ಲವನ್ನೂ ಒಂದೂವರೆಯಿಂದ ಗುಣಿಸಬೇಕು. ಒಟ್ಟು ಇಪ್ಪತ್ತೂಮುಕ್ಕಾಲು ಗಂಟೆ. 16ರಲ್ಲಿ ಅದು ಹಿಡಿಸದು.

ಗಡುವಿನ ಕ್ರಮ ಕೈಕೊಡುವುದು ಇಲ್ಲೇ. ಅದನ್ನೇ ಹಿಡಿದು ನಡೆದರೆ ಕೊರತೆಯೆಲ್ಲ ಕೊನೆಯ ಕೆಲಸದ, ಅಂದರೆ ಟೆಸ್ಟ್‌ನ, ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಎಲ್ಲಿ ಕತ್ತರಿಸಬೇಕೆಂಬುದನ್ನು ಅವಳೇ ಮೊದಲು ನಿರ್ಧರಿಸುತ್ತಾಳೆ. ಅಸೈನ್‌ಮೆಂಟ್‌ಗೆ ಎರಡೇ ಗಂಟೆ, ಉತ್ತರಗಳು ಚಿಕ್ಕದಾಗಲಿ. ಅಲ್ಲಿ ಒಂದೂಮುಕ್ಕಾಲು ಗಂಟೆ ಉಳಿಯಿತು. ಟೆಸ್ಟ್‌ನಲ್ಲಿ ಬೇಕಿರುವುದು 12, 25 ಅಲ್ಲ. ಗ್ರಾಮರ್ ಮತ್ತು ಪುಶ್‌ಡೌನ್ ಆಟೊಮೇಟಾಗಳನ್ನು ಗಟ್ಟಿಮಾಡಿಕೊಂಡು ಟ್ಯೂರಿಂಗ್ ಯಂತ್ರದ ಅಧ್ಯಾಯವನ್ನು ಸೆಮಿಸ್ಟರ್ ಪರೀಕ್ಷೆಯ ಓದಿಗೆ ಬಿಡುತ್ತಾಳೆ; 12 ಗಂಟೆ ಒಂಬತ್ತಕ್ಕೆ ಇಳಿಯಿತು. ರೆಕಾರ್ಡ್‌ನಲ್ಲಿ ಕೈಯಾಡಿಸುವಂತಿಲ್ಲ. ಈಗ ಲೆಕ್ಕ ಸರಿಯಾಗಿ 16ಕ್ಕೆ ಬಂತು. ಪೋಸ್ಟರ್ ಟೆಸ್ಟ್ ಮುಗಿದ ಶುಕ್ರವಾರ ಸಂಜೆಗೆ. ಸಮಯ ಸಾಲದಿದ್ದರೆ ಜೂನಿಯರ್‌ಗಳಿಗೆ. ಕೋಡ್ ಶನಿವಾರ, ಭಾನುವಾರಕ್ಕೆ. ಪಿಪಿಟಿ ಅದರ ನಂತರ, ತೋರಿಸಲು ಏನಾದರೂ ಇದ್ದಾಗ. ಪ್ರಾಜೆಕ್ಟ್‌ನ ಒಂದು ಕೆಲಸ ಮಾತ್ರ ಸೋಮವಾರವೇ ಆಗಬೇಕು: ಸಹಪಾಠಿಯ ಬಳಿಯಿರುವ ಡೇಟಾ ಕೇಳುವುದು. ಇನ್ನೊಬ್ಬರಿಗಾಗಿ ಕಾಯಬೇಕಾದ ಭಾಗವನ್ನು ಶನಿವಾರ ಕೇಳಿದರೆ ವಾರಾಂತ್ಯವೇ ವ್ಯರ್ಥ.

ಈ ಲೆಕ್ಕಕ್ಕೂ ಮಿತಿ ಇದೆ. ಎರಡು ಟೆಸ್ಟ್ ಮತ್ತು ಒಂದು ರಿವ್ಯೂ ಒಂದೇ ದಿನ ಬಿದ್ದು, ಮೂರರಲ್ಲೂ ಅಂಕ ಅಂಚಿನಲ್ಲಿದ್ದರೆ ಯಾವ ವಿಂಗಡಣೆಯೂ ಗಂಟೆಗಳನ್ನು ಹುಟ್ಟಿಸದು. ಆಗ ದಿನಾಂಕವೇ ಬದಲಾಗಬೇಕು. ಕ್ಲಾಸ್ ರೆಪ್ರೆಸೆಂಟೇಟಿವ್ ಅದನ್ನು ಗುರುವಾರವಲ್ಲ, ಸೋಮವಾರವೇ ಮೇಷ್ಟ್ರ ಬಳಿ ಕೇಳಬೇಕು. ಅದಕ್ಕಿಂತ ಮೊದಲೇ ವಿಭಾಗಗಳು ಮಾಡಬಹುದಾದ್ದು ಒಂದಿದೆ. ಸೆಮಿಸ್ಟರ್‌ನ ಮೊದಲ ವಾರ ಎಲ್ಲ ವಿಷಯಗಳ ಟೆಸ್ಟ್, ಅಸೈನ್‌ಮೆಂಟ್, ರೆಕಾರ್ಡ್, ರಿವ್ಯೂ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ, ಅಂಕಗಳ ಸಮೇತ, ನೋಟಿಸ್ ಬೋರ್ಡ್‌ಗೆ ಹಾಕಲಿ. ಮುಂದಿನ ಸೆಮಿಸ್ಟರ್ ಶುರುವಾಗುವ ಮುನ್ನ ಅಧ್ಯಾಪಕರು ಇದಕ್ಕೊಂದು ಸಂಜೆ ಕೊಡಬೇಕೆಂದು ಕೋರಿಕೆ.