ಆದೇಶ ಗೊತ್ತಿತ್ತು, ಆದರೂ ಪಾಲಿಸಲಿಲ್ಲ

ನಿವೃತ್ತ ಶಿಕ್ಷಕರೊಬ್ಬರ ಪಿಂಚಣಿ ಬಾಕಿಯ ಮನವಿಯನ್ನು, ಆದೇಶದ ಪ್ರತಿ ತಲುಪಿದ ಎಂಟು ವಾರದೊಳಗೆ ಪರಿಗಣಿಸಿ ತೀರ್ಮಾನಿಸಬೇಕೆಂದು ಹೈಕೋರ್ಟ್ ಹೇಳಿತು ಎಂದಿಟ್ಟುಕೊಳ್ಳಿ. ಗಡುವು ಮುಗಿದರೂ ಕಡತ ಕದಲಲಿಲ್ಲ. ಈಗ ಉಳಿದಿರುವುದು 1971ರ ನ್ಯಾಯಾಂಗ ನಿಂದನೆ ಕಾಯ್ದೆಯಡಿಯ ಅರ್ಜಿ.

ಇಲ್ಲಿ ಗೋಳು ಹೇಳಿಕೊಂಡರೆ ಸಾಲದು. ಕಾಯ್ದೆ ಕೇಳುವುದು ಉದ್ದೇಶಪೂರ್ವಕ ಅವಿಧೇಯತೆ. ಆದೇಶವೇ ಗೊತ್ತಿರದವರು ಬೇಕೆಂದೇ ಮೀರಿದರು ಎನ್ನುವುದು ಹೇಗೆ? ಆದ್ದರಿಂದ ದೃಢೀಕೃತ ಪ್ರತಿಯನ್ನು ಪತ್ರದ ಜೊತೆ ಕಚೇರಿಗೆ ಕೊಟ್ಟು, ತಮ್ಮ ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಆ ಮುದ್ರೆಯಲ್ಲಿ 2025ರ ಮಾರ್ಚ್ 10 ಎಂದಿದ್ದರೆ ಗಡುವು ಮೇ 5ಕ್ಕೆ ಮುಗಿಯಿತು. ಅರ್ಜಿಯಲ್ಲಿ ಬರೆಯಬೇಕಾದ್ದು ಇಷ್ಟೇ ನಿಖರವಾಗಿ: ಆದೇಶದ ಯಾವ ನಿರ್ದೇಶನ, ಯಾವ ದಿನ ತಲುಪಿತು, ಯಾವ ದಿನದೊಳಗೆ ಏನು ಆಗಬೇಕಿತ್ತು, ಏನು ಆಗಲಿಲ್ಲ. ‘ಆದೇಶ ಪಾಲಿಸಿಲ್ಲ’ ಎಂಬ ಒಂದೇ ಸಾಲು ಅರ್ಜಿಯನ್ನು ಸೊರಗಿಸುತ್ತದೆ. ಹುದ್ದೆಯ ಜೊತೆ ಆ ಅವಧಿಯಲ್ಲಿ ಅಲ್ಲಿದ್ದ ಅಧಿಕಾರಿಯ ಹೆಸರೂ ಬೇಕು. ವರ್ಗಾವಣೆ ನಮ್ಮಲ್ಲಿ ಹೊಸದೇನಲ್ಲವಲ್ಲ.

ಹಲವರು ಎಡವುವುದು ‘ಪರಿಗಣಿಸಿ’ ಎಂಬಲ್ಲಿ. ಅಧಿಕಾರಿ ಗಡುವಿನೊಳಗೆ ಕಾರಣ ಕೊಟ್ಟು ಮನವಿ ತಿರಸ್ಕರಿಸಿದರೆ ಸಾಮಾನ್ಯವಾಗಿ ಆದೇಶ ಪಾಲನೆಯಾದಂತೆಯೇ. ಆ ತಿರಸ್ಕಾರ ತಪ್ಪೆನಿಸಿದರೆ ಪ್ರತ್ಯೇಕವಾಗಿ ಪ್ರಶ್ನಿಸಬೇಕು. ಮೂಲ ಆದೇಶ ಕೊಡದ ಹಣವನ್ನು ನಿಂದನೆ ಅರ್ಜಿ ಕೊಡಿಸದು.

ತಪ್ಪು ಸಾಬೀತಾದರೆ ಆರು ತಿಂಗಳವರೆಗೆ ಸಾದಾ ಸಜೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ನೋಟಿಸ್ ಹೋದ ಮೇಲೆ ಎಷ್ಟೋ ಕಡತಗಳು ತಾವಾಗಿಯೇ ಓಡತೊಡಗುತ್ತವೆ. ಅದಕ್ಕಾಗಿ ಕಾಯುತ್ತಾ ಕೂರುವಂತಿಲ್ಲ. ಉಲ್ಲಂಘನೆಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆನ್ನುತ್ತದೆ ಕಾಯ್ದೆಯ 20ನೇ ಕಲಂ.