ಬಾಕಿ 18 ಲಕ್ಷ, ಬರುವುದೆಷ್ಟು?

ಪೀಣ್ಯದ ಒಂದು ಸಣ್ಣ ಟರ್ನಿಂಗ್ ವರ್ಕ್‌ಶಾಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಕಿಗಳು ವಿವರಣೆಗಾಗಿ ಹೊಂದಿಸಿಕೊಂಡವು. ಪಾಡು ಮಾತ್ರ ಅಲ್ಲಿನವರಿಗೆಲ್ಲ ಗೊತ್ತಿರುವಂಥದ್ದೇ. ಸೆಪ್ಟೆಂಬರ್ 30ರಂದು ನಾಲ್ಕು ಪಾರ್ಟಿಗಳಿಂದ ಬರಬೇಕಾದ ಬಾಕಿ 18 ಲಕ್ಷ ರೂಪಾಯಿ. ಬಿಲ್‌ಗಳ ಗಡುವನ್ನು ನಂಬಿದರೆ ಅಕ್ಟೋಬರ್ ಮುಗಿಯುವುದರೊಳಗೆ ಅಷ್ಟೂ ಹಣ ಬ್ಯಾಂಕಿನಲ್ಲಿರಬೇಕು. ಹಾಗೆಂದುಕೊಂಡು ಹಿತ್ತಾಳೆ ಸರಳಿಗೆ ದೊಡ್ಡ ಆರ್ಡರ್ ಕೊಟ್ಟ ಮಾಲೀಕರು ಹಬ್ಬದ ಬೋನಸ್‌ಗೆ ಸಾಲ ಹುಡುಕಬೇಕಾಗುತ್ತದೆ.

ಗಡುವು ಹೇಳುವುದು ಹಣ ಯಾವಾಗ ಬರಬೇಕು ಎಂಬುದನ್ನು. ಯಾವಾಗ ಬರುತ್ತದೆ ಎಂಬುದನ್ನು ಹೇಳುವುದು ಆ ಪಾರ್ಟಿಯ ಹಳೆಯ ಬಿಲ್‌ಗಳು.

ಮೊದಲನೆಯದು ವಾಹನದ ಬಿಡಿಭಾಗ ಮಾಡುವ ದೊಡ್ಡ ಕಂಪನಿ; ಬಾಕಿ 8 ಲಕ್ಷ, ಗಡುವು 45 ದಿನ. ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು, ಒಪ್ಪಂದ ಏನೇ ಇದ್ದರೂ, 45 ದಿನಕ್ಕಿಂತ ಆಚೆ ತಳ್ಳಬಾರದೆಂದು 2006ರ ಎಂಎಸ್‌ಎಂಇಡಿ ಕಾಯ್ದೆಯೂ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಆದರೆ ವರ್ಷವಿಡೀ ಕೆಲಸ ಕೊಡುವ ಪಾರ್ಟಿಯ ಮೇಲೆ ದೂರು ಹಾಕುವವರು ಯಾರು? ಒಂದು ವರ್ಷದ ಬಿಲ್‌ಗಳನ್ನು ಹರಡಿ ನೋಡಿದರೆ ಕಂಪನಿಯ ನಿಜವಾದ ನಿಯಮ ಕಾಣುತ್ತದೆ: ಬಿಲ್‌ಗೆ 60 ದಿನ ತುಂಬಬೇಕು, ಆಮೇಲೆ ಬರುವ 10 ಅಥವಾ 25ನೇ ತಾರೀಕಿಗೆ ಪೇಮೆಂಟ್. ಜುಲೈ 28ರ 3 ಲಕ್ಷದ ಬಿಲ್‌ಗೆ ಸೆಪ್ಟೆಂಬರ್ 26ಕ್ಕೆ 60 ದಿನ ತುಂಬಿತು. 25ರ ಸರದಿ ಒಂದೇ ದಿನದಲ್ಲಿ ತಪ್ಪಿದ್ದರಿಂದ ಅದು ಅಕ್ಟೋಬರ್ 10ಕ್ಕೆ ಬರುತ್ತದೆ. ಆಗಸ್ಟ್ 20ರ ಇನ್ನೊಂದು 3 ಲಕ್ಷ ಅಕ್ಟೋಬರ್ 25ಕ್ಕೆ. ಸೆಪ್ಟೆಂಬರ್ 12ರ 2 ಲಕ್ಷ ನವೆಂಬರ್‌ಗೆ ಹೋಯಿತು. ಈ ಕಂಪನಿ ತಡ ಮಾಡುತ್ತದೆ ನಿಜ, ಆದರೆ ಅದರ ತಡಕ್ಕೂ ಒಂದು ಶಿಸ್ತಿದೆ. ಆದ್ದರಿಂದ 6 ಲಕ್ಷವನ್ನು ಧೈರ್ಯವಾಗಿ ಬರೆದುಕೊಳ್ಳಬಹುದು.

ಕಷ್ಟ ಕೊಡುವುದು ಎರಡನೆಯ ಪಾರ್ಟಿ, ಒಬ್ಬ ಪಂಪ್ ತಯಾರಕ. ಗಡುವು 30 ದಿನ. ಹಿಂದಿನ ಹತ್ತು ಬಿಲ್‌ಗಳಲ್ಲಿ ನಾಲ್ಕಕ್ಕೆ 45 ದಿನದೊಳಗೆ ಹಣ ಬಂದಿದೆ. ಉಳಿದ ಆರೂ 60 ದಿನ ದಾಟಿವೆ, ಅವುಗಳಲ್ಲಿ ಎರಡು 90 ದಿನವನ್ನೂ ದಾಟಿವೆ. ಇಲ್ಲಿ ಸರಾಸರಿ ತೆಗೆದರೆ ಯಾವ ಬಿಲ್‌ಗೂ ಹೊಂದದ ಒಂದು ದಿನ ಸಿಗುತ್ತದೆ. ಕೇಳಬೇಕಾದ ಪ್ರಶ್ನೆಯೇ ಬೇರೆ: ಈ ಬಿಲ್‌ಗೆ ಇವತ್ತಿಗೆ ಎಷ್ಟು ದಿನವಾಯಿತು, ಅಷ್ಟು ದಿನ ಕಾದ ಹಳೆಯ ಬಿಲ್‌ಗಳು ಮುಂದೆ ಏನಾದವು?

ಆಗಸ್ಟ್ 5ರ 3 ಲಕ್ಷದ ಬಿಲ್‌ಗೆ ಈಗ 56 ದಿನ. ಅಕ್ಟೋಬರ್ 31ಕ್ಕೆ 87 ಆಗುತ್ತದೆ. ಬೇಗ ಬಂದ ನಾಲ್ಕು ಬಿಲ್‌ಗಳಿಗೂ ಇದಕ್ಕೂ ಇನ್ನು ಸಂಬಂಧವಿಲ್ಲ. 56 ದಿನ ದಾಟಿದ ಆರರಲ್ಲಿ ನಾಲ್ಕು 87 ದಿನದೊಳಗೆ ಬಂದಿದ್ದವು. ಅಂದರೆ ಮೂರರಲ್ಲಿ ಎರಡು ಪಾಲು ಸಾಧ್ಯತೆ, ಲೆಕ್ಕಕ್ಕೆ 2 ಲಕ್ಷ. ಸೆಪ್ಟೆಂಬರ್ 8ರ 2 ಲಕ್ಷದ ಬಿಲ್‌ಗೆ ತಿಂಗಳ ಕೊನೆಗೆ 53 ದಿನ. ಅಷ್ಟರೊಳಗೆ ಹಿಂದೆ ಹತ್ತರಲ್ಲಿ ನಾಲ್ಕು ಬಂದಿದ್ದರಿಂದ 80 ಸಾವಿರ. ಒಟ್ಟು 2.8 ಲಕ್ಷ. ಆದರೆ ಬ್ಯಾಂಕಿಗೆ ಸರಿಯಾಗಿ 2.8 ಲಕ್ಷ ಎಂದೂ ಬರುವುದಿಲ್ಲ; ಒಂದು ಬಿಲ್‌ನ ಹಣ ಬಂದರೆ ಇಡಿಯಾಗಿ ಬರುತ್ತದೆ, ಇಲ್ಲವಾದರೆ ಇಲ್ಲ. ಹೀಗಾಗಿ ಈ ಮೊತ್ತವನ್ನು ಸಂಬಳದ ಲೆಕ್ಕದಿಂದ ದೂರ ಇಡುವುದೇ ಜಾಣತನ.

ಮೂರನೆಯವರು 2% ರಿಯಾಯಿತಿಗಾಗಿ ಗಡುವಿಗೆ ಮೊದಲೇ ಕೊಡುವ ವ್ಯಾಪಾರಿ: 3 ಲಕ್ಷದಲ್ಲಿ 2.94 ಲಕ್ಷ ಬರುತ್ತದೆ. ನಾಲ್ಕನೆಯ ಪಾರ್ಟಿ ಮಾಲು ರಿಜೆಕ್ಟ್ ಮಾಡಿ ಕೂತಿದೆ. ತಕರಾರು ಮುಗಿಯುವ ತನಕ ಆ 2 ಲಕ್ಷ ಸೊನ್ನೆ.

ಹೀಗೆ 18 ಲಕ್ಷ 11.74 ಲಕ್ಷಕ್ಕೆ ಇಳಿಯಿತು. ಅದರಲ್ಲಿ ಗಟ್ಟಿಯಾಗಿ ನಂಬಬಹುದಾದದ್ದು 8.94 ಲಕ್ಷ.

ಈ ಲೆಕ್ಕ ನಿಂತಿರುವುದು ಹಳೆಯ ರಸೀದಿಗಳ ಮೇಲೆ, ಅದು ಕೆಡುವುದೂ ಅಲ್ಲಿಯೇ. ಬಂದ ಹಣವನ್ನು ಟ್ಯಾಲಿಯಲ್ಲಿ ಆಯಾ ಬಿಲ್‌ಗೆ `Agst Ref` ಎಂದು ಹೊಂದಿಸದೆ, ಅವಸರದಲ್ಲಿ `On Account` ಎಂದು ಹಾಕಿಬಿಟ್ಟರೆ ಯಾವ ಬಿಲ್ ಎಷ್ಟು ದಿನಕ್ಕೆ ತೀರಿತು ಎಂಬುದು ಗೊತ್ತಾಗುವುದೇ ಇಲ್ಲ. ಮಾರ್ಚ್ ತಿಂಗಳ ವಸೂಲಿಯನ್ನೂ ಬೇರೆ ಇಡಬೇಕು. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಗಡುವು ಮೀರಿಯೂ ಹಣ ಕೊಡದಿದ್ದರೆ ಆ ಖರ್ಚನ್ನು ಕೊಡುವ ವರ್ಷದಲ್ಲೇ ತೋರಿಸಬೇಕೆಂಬ ಆದಾಯ ತೆರಿಗೆಯ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ವರ್ಷದ ಕೊನೆಯಲ್ಲಿ ಬಾಕಿ ತೀರಿಸಲು ಖರೀದಿದಾರರಿಗೆ ಅದೂ ಒಂದು ಕಾರಣ. ಇನ್ನು, ಒಂದೇ ಪಾರ್ಟಿಯ ಸತತ ಮೂರು ಬಿಲ್‌ಗಳು ಹಿಂದಿನ ಅತಿ ದೊಡ್ಡ ತಡವನ್ನೂ ಮೀರಿದರೆ ಹಳೆಯ ಅಭ್ಯಾಸವನ್ನು ನಂಬಿ ಕೂರದೆ ಫೋನ್ ಮಾಡಬೇಕು.

ಹಣ ಬಂದಿಲ್ಲವೆಂದು ತೆರಿಗೆ ಕಾಯುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಬರೆದ 7 ಲಕ್ಷದ ಬಿಲ್‌ಗಳಲ್ಲಿ 18%ರ ದರದಲ್ಲಿ ಸುಮಾರು 1.07 ಲಕ್ಷ ಜಿಎಸ್‌ಟಿ ಸೇರಿದೆ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ವರ್ಕ್‌ಶಾಪು ಖರೀದಿಯ ಮೇಲಿನ ತೆರಿಗೆ ಕಳೆದು ಉಳಿದದ್ದನ್ನು ಅಕ್ಟೋಬರ್ 20ರೊಳಗೆ ಕಟ್ಟಬೇಕು. ಆ ಹೊತ್ತಿಗೆ ದೊಡ್ಡ ಕಂಪನಿಯ ಎರಡನೆಯ 3 ಲಕ್ಷ ಬರಲು ಇನ್ನೂ ಐದು ದಿನ ಬಾಕಿ ಇರುತ್ತದೆ.